ಪಾರ್ಸೆಲ್ ಬಂದಿದೆಯಂತೆ, ಅಡ್ರೆಸ್ ಸರಿ ಇಲ್ಲವಂತೆ!

ಮೆಸೇಜ್ ಇಂಗ್ಲಿಷಿನಲ್ಲಿರುತ್ತದೆ. ಅದರ ಸಾರ ಇಷ್ಟು: "ನಿಮ್ಮ ಪಾರ್ಸೆಲ್ ನಮ್ಮ ಗೋದಾಮಿಗೆ ಬಂದಿದೆ. ಎರಡು ಸಲ ತಲುಪಿಸಲು ನೋಡಿದೆವು, ವಿಳಾಸ ಪೂರ್ತಿ ಇಲ್ಲದ ಕಾರಣ ಆಗಲಿಲ್ಲ. 48 ಗಂಟೆಯೊಳಗೆ ಈ ಲಿಂಕಿನಲ್ಲಿ ವಿಳಾಸ ಸರಿಪಡಿಸಿ, ಇಲ್ಲದಿದ್ದರೆ ಪಾರ್ಸೆಲ್ ವಾಪಸ್ ಹೋಗುತ್ತದೆ." ಕೊನೆಗೆ ಇಂಡಿಯಾ ಪೋಸ್ಟ್ ಎಂಬ ಹೆಸರು. 2024ರಲ್ಲಿ ಈ ಮೆಸೇಜ್ ದೇಶದ ಉದ್ದಗಲಕ್ಕೆ ಹರಿದಾಡಿ, ಕೊನೆಗೆ ಕೇಂದ್ರ ಸರಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೇ ಇದು ನಕಲಿ ಅಂತ ಹೇಳಬೇಕಾಯಿತು. ಆದರೂ ಅದು ನಿಂತಿಲ್ಲ. ಗಲ್ಫಿನಲ್ಲಿರುವ ನಮ್ಮವರಿಗೆ ಇದೇ ಮೆಸೇಜ್ ಎಮಿರೇಟ್ಸ್ ಪೋಸ್ಟಿನ ಹೆಸರಿನಲ್ಲಿ ಬರುತ್ತದೆ, ರೂಪಾಯಿಯ ಬದಲು ದಿರ್ಹಮ್ ಕೇಳುತ್ತದೆ.

ಇದನ್ನು ಓದಿದ ಕೂಡಲೇ "ನಮಗೆ ಇದೆಲ್ಲ ಗೊತ್ತುಂಟು, ನಾವು ಲಿಂಕ್ ಒತ್ತುವವರಲ್ಲ" ಅನ್ನುವವರು ಬಹಳ ಮಂದಿ. ಸರಿ. ಆದರೆ ನಮ್ಮ ಮನೆಗಳಲ್ಲಿ ಪಾರ್ಸೆಲ್ ಕಾಯದ ದಿನ ಯಾವುದು ಹೇಳಿ. ಪೆರ್ನಾಲ್ ಹತ್ತಿರ ಬಂದರೆ ಬಟ್ಟೆ ಆರ್ಡರ್ ಮಾಡಿರುತ್ತಾರೆ. ಮದುವೆ ಇದ್ದರೆ ಕೇಳುವುದೇ ಬೇಡ. ದಮಾಮಿನಿಂದಲೋ ಶಾರ್ಜಾದಿಂದಲೋ ಕಾರ್ಗೋ ಪೆಟ್ಟಿಗೆ ಹೊರಟು ವಾರಗಳಾಗಿರುತ್ತವೆ. ಮೋಸಗಾರನಿಗೆ ನಿಮ್ಮ ಮನೆಯ ಪಾರ್ಸೆಲ್ಲಿನ ಸುದ್ದಿ ಏನೂ ಗೊತ್ತಿಲ್ಲ. ಅವನು ಲಕ್ಷಗಟ್ಟಲೆ ನಂಬರಿಗೆ ಒಂದೇ ಮೆಸೇಜ್ ಬಿಡುತ್ತಾನೆ, ಅದರಲ್ಲಿ ನಿಜವಾಗಿಯೂ ಪಾರ್ಸೆಲ್ ಕಾಯುತ್ತಿರುವವರು ತಾವಾಗಿಯೇ ಸಿಕ್ಕಿಬೀಳುತ್ತಾರೆ.

ಸಿಕ್ಕಿಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ಒಂದು ಮನೆಯನ್ನು ಊಹಿಸಿಕೊಂಡು ನೋಡೋಣ. ಇದು ಯಾರದ್ದೇ ಮನೆಯ ಕಥೆ ಅಲ್ಲ, ಆದರೆ ಇಂಥ ಮನೆ ನಮ್ಮ ಪ್ರತಿ ಊರಿನಲ್ಲೂ ಉಂಟು. ಗಂಡ ಶಾರ್ಜಾದಲ್ಲಿ ಒಂದು ಅಂಗಡಿಯ ಕೌಂಟರಿನಲ್ಲಿ. ಹೆಂಡತಿ ಮಕ್ಕಳೊಂದಿಗೆ ದೇರಳಕಟ್ಟೆಯ ಹತ್ತಿರ. ಮನೆಖರ್ಚಿಗೆ ಗಂಡನ ಎನ್‌ಆರ್‌ಇ ಖಾತೆಯ ಡೆಬಿಟ್ ಕಾರ್ಡ್ ಹೆಂಡತಿಯ ಕೈಯಲ್ಲಿದೆ. ಆದರೆ ಬ್ಯಾಂಕಿನಲ್ಲಿ ಕೊಟ್ಟ ಮೊಬೈಲ್ ನಂಬರ್ ಗಂಡನದ್ದು. ಹೆಂಡತಿಯ ಕೈಯಲ್ಲಿರುವುದು ಗಂಡ ಹಿಂದಿನ ರಜೆಯಲ್ಲಿ ತಂದುಕೊಟ್ಟ ಐಫೋನ್.

ಈ ಐಫೋನಿನ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮ ದೇಶದಲ್ಲಿ 2024ರ ಅಕ್ಟೋಬರ್‌ನಿಂದ ಕಂಪೆನಿಗಳು ಕಳಿಸುವ ಎಸ್‌ಎಂಎಸ್‌ನಲ್ಲಿ ಮೊದಲೇ ನೋಂದಾಯಿಸದ ಲಿಂಕ್ ಇದ್ದರೆ ಮೊಬೈಲ್ ಕಂಪೆನಿಗಳು ತಡೆಯಬೇಕು ಎಂಬ ಟ್ರಾಯ್ ನಿಯಮ ಇದೆ. ಹಾಗಾಗಿ ಮೋಸಗಾರರಿಗೆ ಎಸ್‌ಎಂಎಸ್ ದಾರಿಗಿಂತ ಇಂಟರ್‌ನೆಟ್ ಮೂಲಕ ಹೋಗುವ ದಾರಿ ಸಲೀಸು. ಐಫೋನಿನ ಐಮೆಸೇಜ್, ಆಂಡ್ರಾಯ್ಡಿನ ಆರ್‌ಸಿಎಸ್ ಚಾಟ್, ವಾಟ್ಸಾಪ್ ಎಲ್ಲ ಅಂಥವು. ಮೊದಲಿನ ಎರಡು ನೋಡಲಿಕ್ಕೆ ಎಸ್‌ಎಂಎಸ್ ಹಾಗೆಯೇ ಅದೇ ಪೆಟ್ಟಿಗೆಯಲ್ಲಿ ಕಾಣುತ್ತವೆ, ಆದರೆ ಮೊಬೈಲ್ ಕಂಪೆನಿಯ ಜರಡಿಯಲ್ಲಿ ಅವು ಹಾದುಬಂದಿರುವುದಿಲ್ಲ. ಇಂಡಿಯಾ ಪೋಸ್ಟ್ ಹೆಸರಿನ ಮೆಸೇಜ್‌ಗಳು ಬಹಳಷ್ಟು ಬಂದದ್ದು ಐಫೋನ್‌ಗಳಿಗೆ, ಯಾವುದೋ ಇಮೇಲ್ ವಿಳಾಸದಿಂದ.

ಐಫೋನಿನಲ್ಲಿ ಇನ್ನೊಂದು ಸಂಗತಿ ಉಂಟು. ಗೊತ್ತಿಲ್ಲದವರಿಂದ ಬಂದ ಮೆಸೇಜಿನ ಲಿಂಕನ್ನು ಫೋನ್ ತಾನಾಗಿಯೇ ಕಟ್ಟಿಹಾಕಿರುತ್ತದೆ, ಒತ್ತಿದರೂ ತೆರೆಯುವುದಿಲ್ಲ. ಅದಕ್ಕೇ ಮೆಸೇಜಿನ ಕೊನೆಯಲ್ಲಿ "Y ಎಂದು ಉತ್ತರಿಸಿ, ಮೆಸೇಜ್ ಮುಚ್ಚಿ ಮತ್ತೆ ತೆರೆಯಿರಿ" ಎಂಬ ಸಾಲು ಇರುತ್ತದೆ. ನೀವು ಉತ್ತರಿಸಿದ ಕೂಡಲೇ ಫೋನ್ ಆ ಕಳಿಸಿದವನನ್ನು ಪರಿಚಯದವ ಅಂದುಕೊಂಡು ಲಿಂಕ್ ಬಿಚ್ಚುತ್ತದೆ. ಪಾರ್ಸೆಲ್ ಕೊಡಲಿಕ್ಕೆ ಯಾವ ಅಂಚೆಯವರೂ Y ಬರೆಸುವುದಿಲ್ಲ ಮಾರಾಯ್ರೇ. ಈ ಒಂದು ಸಾಲು ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ.

ಇಪ್ಪತ್ತೈದು ರೂಪಾಯಿಯ ಪುಟ

ನಮ್ಮ ಊಹೆಯ ಮನೆಗೆ ಬರೋಣ. ಮಧ್ಯಾಹ್ನ ಎರಡೂ ನಲವತ್ತು. ಇನ್‌ಸ್ಟಾಗ್ರಾಮಿನಲ್ಲಿ ಆರ್ಡರ್ ಮಾಡಿದ ಮಗುವಿನ ಉಡುಪು ನಾಲ್ಕು ದಿನವಾದರೂ ಬಂದಿಲ್ಲ. ಮೆಸೇಜ್ ಬಂತು, ಲಿಂಕ್ ಒತ್ತಿದಳು. ತೆರೆದ ಪುಟ ಇಂಡಿಯಾ ಪೋಸ್ಟಿನದ್ದೇ ಅನ್ನುವ ಹಾಗಿದೆ. ಕೆಂಪು ಹಳದಿ ಬಣ್ಣ, ಅದೇ ಗುರುತು, ಮೇಲೆ ಒಂದು ಟ್ರ್ಯಾಕಿಂಗ್ ನಂಬರ್, ಕೆಳಗೆ "ತಲುಪಿಸಲಾಗಿಲ್ಲ" ಎಂಬ ಸಾಲು. ಇಂಥ ಪುಟಗಳು ಹೆಚ್ಚಾಗಿ ಮೊಬೈಲಿನಲ್ಲಿ ಮಾತ್ರ ತೆರೆಯುತ್ತವೆ. ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಖಾಲಿ ಪುಟವೋ ದೋಷದ ಸೂಚನೆಯೋ ಕಾಣುತ್ತದೆ. ಕಂಪ್ಯೂಟರಿನಲ್ಲಿ ಕೂತು ಪರೀಕ್ಷಿಸುವವರ ಕಣ್ಣು ತಪ್ಪಿಸುವ ಉಪಾಯ ಅದು. ಮನೆಯ ಹುಡುಗರು ಲ್ಯಾಪ್‌ಟಾಪಿನಲ್ಲಿ ನೋಡಿ "ಇದರಲ್ಲಿ ಎಂತದ್ದೂ ಇಲ್ಲ" ಅಂದರೆ ಅದನ್ನು ನಂಬಬೇಡಿ.

ಮೊದಲ ಪುಟ ಕೇಳುವುದು ಹೆಸರು, ಮನೆ ವಿಳಾಸ, ಪಿನ್‌ಕೋಡ್, ಫೋನ್ ನಂಬರ್. ಇದರಲ್ಲಿ ಹಣದ ಸುದ್ದಿಯೇ ಇಲ್ಲ. ಹೀಗೆ ಎರಡು ನಿಮಿಷ ಬರೆಸಿದ ಮೇಲೆ ಮನುಷ್ಯನಿಗೆ ಅರ್ಧಕ್ಕೆ ಬಿಡಲು ಮನಸ್ಸಾಗುವುದಿಲ್ಲ. ಎರಡನೇ ಪುಟದಲ್ಲಿ "ಮರು ವಿತರಣಾ ಶುಲ್ಕ 25 ರೂಪಾಯಿ ಚಿಲ್ಲರೆ" ಎಂದು ಬರುತ್ತದೆ. ಇದನ್ನು ಯುಪಿಐಯಲ್ಲಿ ಕಟ್ಟಲಿಕ್ಕೆ ಆಗುವುದಿಲ್ಲ, ಕಾರ್ಡ್ ಮಾತ್ರ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬೊಂಡ ಕುಡಿದರೂ ಕ್ಯೂಆರ್ ಸ್ಕ್ಯಾನ್ ಮಾಡುವ ಕಾಲದಲ್ಲಿ, ಇಪ್ಪತ್ತೈದು ರೂಪಾಯಿಗೆ ಕಾರ್ಡಿನ ಹದಿನಾರು ಅಂಕಿ ಯಾಕೆ? ಯಾಕೆಂದರೆ ಅವನಿಗೆ ಆ ಇಪ್ಪತ್ತೈದು ರೂಪಾಯಿ ಬೇಡ. ಅದು ಕಟ್ ಆಗುವುದೂ ಇಲ್ಲ. ಅವನಿಗೆ ಬೇಕಾದದ್ದು ಕಾರ್ಡಿನ ನಂಬರ್, ಮುಗಿಯುವ ತಿಂಗಳು ವರ್ಷ, ಹಿಂಬದಿಯ ಮೂರು ಅಂಕಿಯ ಸಿವಿವಿ. ಮೊತ್ತ ಸಣ್ಣದಿದ್ದರೆ ನಾವು ಯೋಚಿಸುವುದಿಲ್ಲ ಎಂಬುದು ಅವನ ಲೆಕ್ಕ.

ಇನ್ನೊಂದು ಮುಖ್ಯ ಮಾತು. ಇಂಥ ಹಲವು ಪುಟಗಳಲ್ಲಿ ನೀವು ಬರೆದದ್ದು ಬರೆದ ಹಾಗೆಯೇ ಆಚೆ ಕಡೆ ಕಾಣುತ್ತಿರುತ್ತದೆ. ಕೆಳಗಿನ ಬಟನ್ ಒತ್ತಬೇಕೆಂದಿಲ್ಲ. ಕಾರ್ಡ್ ನಂಬರ್ ಎಲ್ಲ ತುಂಬಿಸಿ, ಯಾಕೋ ಅನುಮಾನ ಬಂದು ಪುಟ ಮುಚ್ಚಿದವರು "ನಾನು ಸಬ್ಮಿಟ್ ಕೊಟ್ಟಿಲ್ಲವಲ್ಲ" ಅಂತ ಸಮಾಧಾನ ಮಾಡಿಕೊಳ್ಳುವುದುಂಟು. ಆ ಸಮಾಧಾನಕ್ಕೆ ಆಧಾರ ಇಲ್ಲ. ಬರೆದರೆ ಹೋಯಿತು ಅಂತಲೇ ತಿಳಿದು ಕಾರ್ಡ್ ಬ್ಲಾಕ್ ಮಾಡಿಸಬೇಕು. ಆದರೆ ಲಿಂಕ್ ತೆರೆದು, ಏನೂ ಬರೆಯದೆ, ಯಾವ ಆ್ಯಪನ್ನೂ ಇಳಿಸಿಕೊಳ್ಳದೆ ಮುಚ್ಚಿದವರು ಹೆದರಿ ಕೂರುವ ಅಗತ್ಯ ಇಲ್ಲ. ಪುಟ ನೋಡಿದ ಮಾತ್ರಕ್ಕೆ ಕಾರ್ಡಿನ ವಿವರ ಹೋಗುವುದಿಲ್ಲ.

ಗಂಡ ಕಳಿಸಿದ ಆರು ಅಂಕಿ

ಕಾರ್ಡ್ ವಿವರ ಬರೆದಾಯಿತು. ಪುಟದಲ್ಲಿ ಒಂದು ಚಕ್ರ ತಿರುಗುತ್ತಿದೆ, "ದಯವಿಟ್ಟು ಕಾಯಿರಿ". ಆ ಚಕ್ರ ತಿರುಗುವ ಅರ್ಧ ನಿಮಿಷದಲ್ಲಿ ಆಚೆ ಕಡೆ ಇರುವವನು ಅದೇ ಕಾರ್ಡನ್ನು ಒಂದು ನಿಜವಾದ ಆನ್‌ಲೈನ್ ಅಂಗಡಿಯಲ್ಲಿ ಹಾಕುತ್ತಾನೆ. 38,400 ರೂಪಾಯಿಯ ಗಿಫ್ಟ್ ವೋಚರ್ ಅಂತ ಇಟ್ಟುಕೊಳ್ಳಿ. ಅಂಗಡಿ ನಿಜ, ಬ್ಯಾಂಕ್ ನಿಜ, ಬ್ಯಾಂಕ್ ಕಳಿಸುವ ಒಟಿಪಿಯೂ ನಿಜ. ಸುಳ್ಳು ಇರುವುದು ನಮ್ಮವಳ ಎದುರಿನ ಪುಟದಲ್ಲಿ ಮಾತ್ರ. ಅದು ಹೇಳುತ್ತದೆ, "25 ರೂಪಾಯಿ ಪಾವತಿಗೆ ಒಟಿಪಿ ಹಾಕಿ".

ಒಟಿಪಿ ಬಂದದ್ದು ಶಾರ್ಜಾಕ್ಕೆ. ಅಲ್ಲಿ ಆಗ ಮಧ್ಯಾಹ್ನ ಒಂದೂ ಹತ್ತು, ಕೌಂಟರಿನಲ್ಲಿ ಜನ. ಹೆಂಡತಿಯ ವಾಯ್ಸ್ ಮೆಸೇಜ್: "ಒಂದು ಒಟಿಪಿ ಬಂದಿರ್ತದೆ ನೋಡಿ, ಪಾರ್ಸೆಲಿದ್ದು, ಬೇಗ ಕಳಿಸಿ." ಫೋನಿನ ಪರದೆಯ ಮೇಲೆ ಬ್ಯಾಂಕಿನ ಮೆಸೇಜಿನ ಮೊದಲ ಸಾಲು ಮಾತ್ರ ಕಾಣುತ್ತದೆ, ಅದರಲ್ಲಿ ಆರು ಅಂಕಿ. ಅವನು ಆ ಆರು ಅಂಕಿ ವಾಟ್ಸಾಪಿನಲ್ಲಿ ಬರೆದು ಕಳಿಸುತ್ತಾನೆ. ಮೆಸೇಜಿನ ಉಳಿದ ಭಾಗದಲ್ಲಿ ಮೊತ್ತ 38,400 ಎಂದೂ ಯಾವ ಅಂಗಡಿ ಎಂದೂ ಬರೆದಿತ್ತು. ಗಂಡ ಅದನ್ನು ಪೂರ್ತಿ ಓದಲಿಲ್ಲ, ಹೆಂಡತಿಗೆ ಅದು ಕಾಣಲೇ ಇಲ್ಲ.

ಇಡೀ ಮೋಸದಲ್ಲಿ ಹಣ ಉಳಿಸಿಕೊಳ್ಳಲು ಸಿಗುವ ಕೊನೆಯ ಅವಕಾಶ ಈ ಮೆಸೇಜು. ಅದೊಂದರಲ್ಲೇ ಸತ್ಯ ಬರೆದಿರುತ್ತದೆ. ಗಲ್ಫಿನಲ್ಲಿ ಒಬ್ಬರು ಊರಿನಲ್ಲಿ ಒಬ್ಬರು ಇರುವ ಮನೆಗಳಲ್ಲಿ ಕಾರ್ಡ್ ಒಂದು ಕೈಯಲ್ಲಿ, ಒಟಿಪಿ ಇನ್ನೊಂದು ಕೈಯಲ್ಲಿ ಇರುತ್ತದೆ. ನಡುವೆ ಹೋಗುವುದು ಬರೀ ಅಂಕಿ. ಎಷ್ಟೋ ಮನೆಗಳಲ್ಲಿ ಬಾಪನ ನಂಬರಿಗೆ ಬಂದ ಒಟಿಪಿಯನ್ನು ಮಗ ಓದಿ ಹೇಳುತ್ತಾನೆ, ಅದೂ ಇದೇ ಲೆಕ್ಕ. ಒಂದೇ ಕೈಯಲ್ಲಿ ಎರಡೂ ಇದ್ದರೂ ಅಪಾಯ ತಪ್ಪಿದ್ದಲ್ಲ. ಈಗಿನ ಫೋನ್‌ಗಳು ಬಂದ ಒಟಿಪಿಯನ್ನು ಕೀಬೋರ್ಡಿನ ಮೇಲೆಯೇ ತೋರಿಸುತ್ತವೆ. ಒಂದು ಸಲ ಒತ್ತಿದರೆ ತಾನಾಗಿ ತುಂಬಿಕೊಳ್ಳುತ್ತದೆ. ಮೆಸೇಜ್ ತೆರೆಯುವ ಪ್ರಮೇಯವೇ ಬರುವುದಿಲ್ಲ.

ಆದ್ದರಿಂದ ಮನೆಯೊಳಗೆ ಒಂದು ಕರಾರು ಮಾಡಿಕೊಳ್ಳುವುದು ಒಳ್ಳೆಯದು. ಒಟಿಪಿ ಕಳಿಸುವವರು ಅಂಕಿ ಮಾತ್ರ ಕಳಿಸಬಾರದು. ಮೊದಲು ಮೆಸೇಜ್ ಪೂರ್ತಿ ಓದಿ "ಎಷ್ಟು ರೂಪಾಯಿ, ಯಾರಿಗೆ?" ಅಂತ ಕೇಳಬೇಕು. ಆಚೆಯವರು "25 ರೂಪಾಯಿ, ಪೋಸ್ಟಿಗೆ" ಅಂದು, ಮೆಸೇಜಿನಲ್ಲಿ 38,400 ಅಂತ ಇದ್ದರೆ ಅಲ್ಲಿಗೆ ಮುಗಿಯಿತು. ಅಂಕಿ ಹೋಗಬಾರದು. ಕಾರ್ಡ್ ಬ್ಲಾಕ್ ಆಗಬೇಕು.

ನಮ್ಮ ಊಹೆಯ ಮನೆಯಲ್ಲಿ ಈ ಕರಾರು ಇರಲಿಲ್ಲ. ಒಟಿಪಿ ಹಾಕಿದ ಕೂಡಲೇ ಪುಟ "ಒಟಿಪಿ ತಪ್ಪು, ಹೊಸದು ಬಂದಿದೆ ಹಾಕಿ" ಅನ್ನುತ್ತದೆ. ತಪ್ಪೇನೂ ಆಗಿರಲಿಲ್ಲ, ಮೊದಲನೆಯದು ಆಗಲೇ ಕೆಲಸ ಮುಗಿಸಿತ್ತು. ಹೊಸದು ಎರಡನೇ ಖರೀದಿಗೆ, 41,900 ರೂಪಾಯಿಯದ್ದು. ಗಂಡ ಅದನ್ನೂ ಕಳಿಸಿದ. ನಂತರ ಪುಟ "ಧನ್ಯವಾದ" ಹೇಳಿ ಅಂಚೆ ಇಲಾಖೆಯ ನಿಜವಾದ ವೆಬ್‌ಸೈಟಿಗೇ ಕರೆದುಕೊಂಡು ಹೋಗಿ ಬಿಡುತ್ತದೆ. ಅವಳಿಗೆ ಕೊನೆಗೆ ಕಂಡದ್ದು ಅಸಲಿ ಸೈಟು. ಹತ್ತು ನಿಮಿಷದಲ್ಲಿ 80,300 ರೂಪಾಯಿ ಹೋಗಿದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಹಣ ಕಟ್ ಆದ ಮೆಸೇಜ್ ಕೂಡ ಬಂದದ್ದು ಶಾರ್ಜಾದ ಫೋನಿಗೇ.

ಒಟಿಪಿ ಇಲ್ಲದೆಯೂ ಹೋಗುವ ದಾರಿ

ಒಟಿಪಿ ಕೊಡದಿದ್ದರೆ ಹಣ ಹೋಗುವುದೇ ಇಲ್ಲ ಅಂತ ನಂಬಿದವರೂ ಇದ್ದಾರೆ. ನಮ್ಮ ದೇಶದೊಳಗಿನ ಆನ್‌ಲೈನ್ ಖರೀದಿಗೆ ರಿಸರ್ವ್ ಬ್ಯಾಂಕ್ ಎರಡನೇ ದೃಢೀಕರಣ ಕಡ್ಡಾಯ ಮಾಡಿದೆ, ನಿಜ. ಆದರೆ ಎಷ್ಟೋ ವಿದೇಶಿ ಸೈಟುಗಳಲ್ಲಿ ಕಾರ್ಡ್ ನಂಬರ್, ಅವಧಿ, ಸಿವಿವಿ ಇದ್ದರೆ ಸಾಕು. 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆಯೂ ಆನ್‌ಲೈನ್ ಬಳಕೆಯೂ ಮೊದಲಿಗೆ ಮುಚ್ಚಿಯೇ ಬರುತ್ತವೆ. ಬೇಕಾದರೆ ನಾವೇ ತೆರೆಯಬೇಕು. ತೊಂದರೆ ಏನೆಂದರೆ ಗಲ್ಫಿಗೆ ಹೋಗಿ ಬರುವವರು ಅಲ್ಲಿ ಬಳಸಲಿಕ್ಕೆ ಅದನ್ನು ತೆರೆದಿರುತ್ತಾರೆ, ಮತ್ತೆ ಮುಚ್ಚುವುದಿಲ್ಲ. ಕಾರ್ಡ್ ಊರಿನಲ್ಲಿ ಹೆಂಡತಿಯ ಪರ್ಸಿನಲ್ಲಿ ಇದ್ದರೂ ವಿದೇಶದ ಬಾಗಿಲು ತೆರೆದೇ ಇರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಭಾಗಕ್ಕೆ ಹೋದರೆ ಒಂದು ನಿಮಿಷದಲ್ಲಿ ಇದನ್ನು ಮುಚ್ಚಬಹುದು, ದಿನದ ಮಿತಿಯನ್ನೂ ಇಳಿಸಬಹುದು.

ಗಲ್ಫಿನ ಬ್ಯಾಂಕುಗಳ ಕಾರ್ಡ್ ಇರುವವರಿಗೆ ಮೂರನೇ ದಾರಿ ಹೆಚ್ಚು ಅಪಾಯದ್ದು. ಅಲ್ಲಿ ನಕಲಿ ಪೋಸ್ಟಿನ ಪುಟ ಕೇಳುವ ಒಟಿಪಿ ಖರೀದಿಯದ್ದೇ ಆಗಿರಬೇಕೆಂದಿಲ್ಲ. ನಿಮ್ಮ ಕಾರ್ಡನ್ನು ಮೋಸಗಾರನ ಫೋನಿನ ಆ್ಯಪಲ್ ಪೇ ಅಥವಾ ಗೂಗಲ್ ವಾಲೆಟಿಗೆ ಸೇರಿಸುವ ಒಟಿಪಿ ಅದಾಗಿರಬಹುದು. ಒಂದು ಸಲ ಸೇರಿದರೆ ಅವನ ಫೋನೇ ನಿಮ್ಮ ಕಾರ್ಡ್ ಆಗುತ್ತದೆ. ಅಂಗಡಿಯಲ್ಲಿ ಫೋನನ್ನು ಮಿಷಿನಿಗೆ ತೋರಿಸಿ ಹಣ ಕೊಡುವಾಗ ಪ್ರತಿ ಸಲ ಒಟಿಪಿ ಬರುವುದಿಲ್ಲ. ಅವರು ಕೂಡಲೇ ಬಳಸುವುದೂ ಇಲ್ಲ, ಎಷ್ಟೋ ಸಲ ವಾರ ಕಾಯುತ್ತಾರೆ. ಅಷ್ಟರಲ್ಲಿ ನಿಮಗೆ ಆ ಪಾರ್ಸೆಲ್ ಮೆಸೇಜ್ ಮರೆತೇ ಹೋಗಿರುತ್ತದೆ. ಹಣ ಹೋದ ದಿನ "ನಾನು ಇವತ್ತು ಯಾವ ಲಿಂಕೂ ಒತ್ತಿಲ್ಲವಲ್ಲ" ಅಂತ ತಲೆಕೆಡಿಸಿಕೊಳ್ಳುತ್ತೀರಿ.

ಇಂಥ ಸಂದರ್ಭದಲ್ಲಿ ಬ್ಯಾಂಕಿಗೆ ಕರೆ ಮಾಡಿದಾಗ ಕಾರ್ಡ್ ಬ್ಲಾಕ್ ಮಾಡಿ ಅನ್ನುವುದರ ಜೊತೆಗೆ "ನನ್ನ ಕಾರ್ಡ್ ಯಾವುದಾದರೂ ಫೋನಿನ ವಾಲೆಟಿಗೆ ಸೇರಿದೆಯಾ, ಸೇರಿದ್ದರೆ ತೆಗೆಯಿರಿ" ಅಂತ ಬಾಯಿಬಿಟ್ಟು ಕೇಳಬೇಕು. ಫೋನಿನಲ್ಲಿ ಕೂರುವುದು ಕಾರ್ಡಿನ ನಂಬರ್ ಅಲ್ಲ, ಅದರ ಬದಲಿಗೆ ಕೊಡುವ ಟೋಕನ್ ಎಂಬ ಬೇರೆ ನಂಬರ್. ಅದನ್ನೂ ಅಳಿಸಿದ್ದಾರೆ ಎಂಬುದು ಖಾತ್ರಿಯಾಗಬೇಕು.

ಬಾಡಿಗೆಗೆ ಸಿಗುವ ನಕಲಿ ಪೋಸ್ಟ್ ಆಫೀಸು

ಇಷ್ಟು ನಯವಾದ ಪುಟವನ್ನು ಯಾರು ಮಾಡುತ್ತಾರೆ ಅಂತ ಕೇಳಬಹುದು. ಮೋಸ ಮಾಡುವವನೇ ಮಾಡಿರಬೇಕೆಂದಿಲ್ಲ. ಇದನ್ನು ಬಾಡಿಗೆಗೆ ಕೊಡುವವರು ಬೇರೆಯೇ ಇದ್ದಾರೆ. ಯಾವ ದೇಶದ ಅಂಚೆಯ ಪುಟ ಬೇಕು, ಯಾವ ಭಾಷೆಯಲ್ಲಿ ಬೇಕು, ಎಲ್ಲ ಸಿದ್ಧ ಸರಕು. ಅಂಥ ಒಂದು ಸರಕಿನ ಹೆಸರು ಲೈಟ್‌ಹೌಸ್. ಅದನ್ನು ನಡೆಸುವವರ ಮೇಲೆ ಗೂಗಲ್ ಕಂಪೆನಿ 2025ರ ನವೆಂಬರಿನಲ್ಲಿ ಅಮೆರಿಕದ ಕೋರ್ಟಿನಲ್ಲಿ ದಾವೆ ಹೂಡಿತು. ಇಂಡಿಯಾ ಪೋಸ್ಟ್ ಹೆಸರಿನ ಮೋಸವನ್ನು ಬೆನ್ನುಹತ್ತಿದ ಫೋರ್ಟಿನೆಟ್ ಎಂಬ ಭದ್ರತಾ ಕಂಪೆನಿ, 2024ರ ಜನವರಿಯಿಂದ ಜುಲೈವರೆಗೆ ಅಂಚೆ ಇಲಾಖೆಯನ್ನು ಹೋಲುವ 470ಕ್ಕೂ ಹೆಚ್ಚು ವೆಬ್ ವಿಳಾಸಗಳು ನೋಂದಣಿಯಾದದ್ದನ್ನು ಕಂಡಿತ್ತು. ಒಂದನ್ನು ಮುಚ್ಚಿಸಿದರೆ ಇನ್ನೊಂದು. ಹಾಗಾಗಿ "ಈ ಲಿಂಕ್ ಒತ್ತಬೇಡಿ" ಅಂತ ಗ್ರೂಪಿನಲ್ಲಿ ಒಂದು ವಿಳಾಸ ಹಂಚಿದರೆ ಪ್ರಯೋಜನ ಕಡಿಮೆ. ನಾಳೆ ಬರುವುದು ಬೇರೆ ವಿಳಾಸ.

ವಿಳಾಸ ಓದುವುದನ್ನು ಕಲಿತರೆ ಪ್ರಯೋಜನ ಉಂಟು. ಪಿಐಬಿ ತೋರಿಸಿದ ನಕಲಿ ಮೆಸೇಜಿನಲ್ಲಿ ಇದ್ದದ್ದು indisposegvs.top/IN ಎಂಬ ಲಿಂಕು. ಅವಸರದಲ್ಲಿ ನೋಡಿದರೆ ಇಂಡಿಯಾ, ಪೋಸ್ಟು, ಗವರ್ನಮೆಂಟು ಎಲ್ಲ ಇರುವ ಹಾಗೆ ಕಣ್ಣಿಗೆ ಕಟ್ಟುತ್ತದೆ. ನಿಧಾನ ಓದಿದರೆ ಒಂದೂ ಇಲ್ಲ. ಇನ್ನು ಕೆಲವರು indiapost.gov.in-track.top ಎಂಬ ರೀತಿಯಲ್ಲಿ ಅಸಲಿ ಹೆಸರನ್ನೇ ಮುಂದೆ ಇಟ್ಟು ಮೋಸ ಮಾಡುತ್ತಾರೆ. ಲಿಂಕನ್ನು ಎಡದಿಂದ ಓದಿದರೆ ಸರಿಯಾಗಿಯೇ ಕಾಣುತ್ತದೆ. ಅದನ್ನು ಓದಬೇಕಾದದ್ದು ಬಲದಿಂದ. https:// ಆದ ಮೇಲೆ ಬರುವ ಮೊದಲ ಓರೆಗೆರೆ ಎಲ್ಲಿದೆ ನೋಡಿ, ಅದರ ತಕ್ಷಣ ಎಡಕ್ಕೆ ಏನಿದೆಯೋ ಅದೇ ಮನೆಯ ಯಜಮಾನ. ಅಲ್ಲಿ .gov.in ಎಂದೇ ಮುಗಿದಿದ್ದರೆ ಸರಕಾರದ್ದು. .top ಎಂದೋ ಬೇರೆ ಯಾವುದೋ ಇದ್ದರೆ ಅದರ ಎಡಬದಿಯಲ್ಲಿ ಏನು ಬರೆದಿದ್ದರೂ ಬೆಲೆ ಇಲ್ಲ. ಪಕ್ಕದಲ್ಲಿ ಬೀಗದ ಚಿತ್ರ ಇದೆ ಅಂತ ನಂಬಬೇಡಿ. ನೀವು ಬರೆದದ್ದು ದಾರಿಯಲ್ಲಿ ಬೇರೆಯವರಿಗೆ ಕಾಣುವುದಿಲ್ಲ ಎಂದಷ್ಟೇ ಆ ಬೀಗದ ಅರ್ಥ. ತಲುಪಿದವನು ಕಳ್ಳನೋ ಅಲ್ಲವೋ ಅದು ಹೇಳುವುದಿಲ್ಲ.

ಕಳಿಸಿದವರ ಹೆಸರನ್ನೂ ನೋಡಬಹುದು. ನಮ್ಮ ದೇಶದಲ್ಲಿ ಕಂಪೆನಿ, ಬ್ಯಾಂಕ್, ಸರಕಾರದ ಎಸ್‌ಎಂಎಸ್ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಅಕ್ಷರದ ಹೆಸರಿನಿಂದ ಬರುತ್ತದೆ, ಕೊನೆಯಲ್ಲಿ -S, -T, -G ಎಂಬಂಥ ಗುರುತು ಇರುತ್ತದೆ. ಸರಕಾರದ್ದಾದರೆ -G. ಇಮೇಲಿನಿಂದ, ವಿದೇಶದ ಕೋಡ್ ಇರುವ ನಂಬರಿನಿಂದ ಬಂದ "ಅಂಚೆ" ಮೆಸೇಜ್ ಅಂಚೆಯದ್ದಲ್ಲ. ಆದರೆ ಇದನ್ನು ಪೂರ್ತಿ ನೆಚ್ಚಿಕೊಳ್ಳಲಿಕ್ಕೂ ಆಗುವುದಿಲ್ಲ. ಕಳಿಸಿದವರ ಹೆಸರನ್ನೇ ನಕಲು ಮಾಡುವ ವಿದ್ಯೆ ಅವರಿಗೆ ಗೊತ್ತು. ಆಗ ನಕಲಿ ಮೆಸೇಜ್ ಅಸಲಿ ಮೆಸೇಜುಗಳ ಸಾಲಿನಲ್ಲೇ ಬಂದು ಕೂರುತ್ತದೆ.

ನಿಜವಾಗಿ ಪಾರ್ಸೆಲ್ ಇದೆಯೋ ಅಂತ ತಿಳಿಯಲು ಲಿಂಕ್ ಬೇಕಾಗಿಯೇ ಇಲ್ಲ. ಅಂಚೆಯ ಸ್ಪೀಡ್ ಪೋಸ್ಟ್, ಪಾರ್ಸೆಲ್‌ಗೆ ಸಾಮಾನ್ಯವಾಗಿ ಹದಿಮೂರು ಅಕ್ಷರದ ನಂಬರ್ ಇರುತ್ತದೆ. ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ದೇಶದ ಎರಡಕ್ಷರ. EK123456789IN ಅನ್ನುವ ಹಾಗೆ. ಯುಎಇಯಿಂದ ಹೊರಟದ್ದಾದರೆ ಕೊನೆಗೆ AE. ಕಳಿಸಿದವರಿಂದ ಆ ನಂಬರ್ ಕೇಳಿ ತೆಗೆದುಕೊಂಡು www.indiapost.gov.in ಎಂದು ನೀವೇ ಟೈಪ್ ಮಾಡಿ ಅಲ್ಲಿ ಹಾಕಿದರೆ ಪಾರ್ಸೆಲ್ ಎಲ್ಲಿದೆ ಗೊತ್ತಾಗುತ್ತದೆ. ಇಂಡಿಯಾ ಪೋಸ್ಟಿನ ಉಚಿತ ನಂಬರ್ 1800 266 6868. ಇನ್ನು ನಮ್ಮ ಊರಿನ ಪೋಸ್ಟ್‌ಮ್ಯಾನಿಗೆ ವಿಳಾಸ ಅಪೂರ್ಣ ಅನ್ನುವ ತೊಂದರೆ ಇದುವರೆಗೆ ಬಂದದ್ದು ಕಾಣೆ. ಪಳ್ಳಿಯ ಹಿಂದಿನ ಮನೆ ಅಂತ ಬರೆದರೂ ತಂದು ಕೊಡುತ್ತಾರೆ, ಇಲ್ಲದಿದ್ದರೆ ಫೋನ್ ಮಾಡುತ್ತಾರೆ. ಎರಡನೇ ಸಲ ಬರಲಿಕ್ಕೆ ಕಾರ್ಡ್ ನಂಬರ್ ಕೇಳುವುದಿಲ್ಲ.

ಹಣ ಹೋದ ಮೇಲಿನ ಗಂಟೆ

ಹೋದದ್ದು ಗೊತ್ತಾದ ಕೂಡಲೇ ಮಾಡುವ ಮೊದಲ ಕೆಲಸ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡ್ ಬಂದ್ ಮಾಡುವುದು. ಆ್ಯಪ್ ಗಂಡನ ಫೋನಿನಲ್ಲಿದ್ದರೆ ಅವನಿಗೆ ಕರೆ, ಅವನು ಎತ್ತದಿದ್ದರೆ ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ನೇರ ಕರೆ. ಬ್ಯಾಂಕಿನ ನಂಬರನ್ನು ಗೂಗಲಿನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ನಂಬರ್ ಹಾಕಿ ಕೂತವರಿದ್ದಾರೆ. ಎರಡನೆಯದು 1930. ಇದು ಸೈಬರ್ ಹಣ ವಂಚನೆಗೆಂದೇ ಇರುವ ದೇಶದ ನಂಬರು. ಅಲ್ಲಿ ದೂರು ದಾಖಲಾದರೆ ಹಣ ಹೋದ ದಾರಿಯ ಬ್ಯಾಂಕ್‌ಗಳಿಗೆ ಸೂಚನೆ ಹೋಗುತ್ತದೆ, ಹಣ ಇನ್ನೂ ಎಲ್ಲಾದರೂ ನಿಂತಿದ್ದರೆ ತಡೆಯಲು ಆಗುತ್ತದೆ. ಗಿಫ್ಟ್ ವೋಚರ್ ಆದರೆ ಅದರ ಕೋಡ್ ಬಳಕೆಯಾಗುವ ಮೊದಲು, ವಸ್ತು ಆದರೆ ಅಂಗಡಿಯಿಂದ ಹೊರಡುವ ಮೊದಲು ಸೂಚನೆ ತಲುಪಿದರೆ ಉಂಟು, ಇಲ್ಲದಿದ್ದರೆ ಕಷ್ಟ. ಆಮೇಲೆ cybercrime.gov.in ನಲ್ಲಿ ದೂರು ಬರೆಯಬಹುದು, ನಮ್ಮ ಜಿಲ್ಲೆಯವರು ಸೆನ್ ಠಾಣೆಗೂ ಹೋಗಬಹುದು. ಮೆಸೇಜ್ ಅಳಿಸಬೇಡಿ. ಲಿಂಕ್ ಕಾಣುವ ಹಾಗೆ ಸ್ಕ್ರೀನ್‌ಶಾಟ್, ಬ್ಯಾಂಕಿನ ಮೆಸೇಜುಗಳು, ಹೊತ್ತು, ಮೊತ್ತ, ಅಂಗಡಿಯ ಹೆಸರು ಇಷ್ಟು ಬೇಕಾಗುತ್ತದೆ.

ಬ್ಯಾಂಕ್ ಹಣ ಕೊಡುತ್ತದೆಯೇ? ಇದರ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆ ಒಂದು ಗೆರೆ ಎಳೆಯಿತು. ಗ್ರಾಹಕರೇ ತಮ್ಮ ಗುಟ್ಟಿನ ವಿವರ ಬೇರೆಯವರಿಗೆ ಕೊಟ್ಟು ಆದ ನಷ್ಟ, ಬ್ಯಾಂಕಿಗೆ ತಿಳಿಸುವ ಹೊತ್ತಿನವರೆಗೆ ಗ್ರಾಹಕರದ್ದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದ್ದು. ಒಟಿಪಿ ಹಾಕಿದ ಪ್ರಕರಣದಲ್ಲಿ ಬ್ಯಾಂಕುಗಳು ಇದನ್ನೇ ಮುಂದೆ ಹಿಡಿಯುತ್ತವೆ, ಹಣ ವಾಪಸ್ ಸಿಗುವುದು ಸುಲಭ ಅಲ್ಲ. ನಮ್ಮ ಊಹೆಯ ಮನೆಯಲ್ಲಿ 38,400 ಹೋದ ಮರುಕ್ಷಣ ಶಾರ್ಜಾದ ಫೋನಿಗೆ ಬಂದ ಮೆಸೇಜನ್ನು ಗಂಡ ಓದಿ ಕಾರ್ಡ್ ಬಂದ್ ಮಾಡಿದ್ದರೆ 41,900 ಉಳಿಯುತ್ತಿತ್ತು. ಒಟಿಪಿ ಇಲ್ಲದೆಯೇ ವಿದೇಶಿ ಸೈಟಿನಲ್ಲಿ ಹೋದದ್ದಾದರೆ ಮಾತು ಬೇರೆ. ಆಗ ಆ ಪಾವತಿ ನಮ್ಮದಲ್ಲ ಅಂತ ಬ್ಯಾಂಕಿನಲ್ಲಿ ಬರಹದಲ್ಲಿ ತಕರಾರು ಕೊಡಬೇಕು, ಅಲ್ಲಿ ಗೆಲ್ಲುವ ಸಾಧ್ಯತೆ ಹೆಚ್ಚು. ಎರಡು ಬಗೆಯಲ್ಲೂ ದೂರಿನ ನಂಬರ್ ಮತ್ತು ಹೊತ್ತು ಬರೆದಿಟ್ಟುಕೊಳ್ಳಿ. ಬ್ಯಾಂಕ್ ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಕಾಣದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಖರ್ಚಿಲ್ಲ.

ತಡವಾಗುವುದಕ್ಕೆ ನಮ್ಮ ಮನೆಗಳಲ್ಲಿ ಇನ್ನೊಂದು ಕಾರಣ ಉಂಟು, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಬೈಗುಳದ ಹೆದರಿಕೆ. ಅನುಮಾನ ಬಂದ ಹೊತ್ತಿನಲ್ಲೇ ಹೇಳುವ ಬದಲು, ಅವರು ಕೆಲಸ ಮುಗಿಸಿ ರೂಮಿಗೆ ಬರಲಿ, ಊಟ ಆಗಲಿ, ಆಮೇಲೆ ಹೇಳುವ ಅಂತ ಕಾಯುತ್ತಾರೆ. ಅಲ್ಲಿಯ ರಾತ್ರಿ ಒಂಬತ್ತೂವರೆ ಅಂದರೆ ಇಲ್ಲಿ ಹನ್ನೊಂದು ಗಂಟೆ. ಮಧ್ಯಾಹ್ನ ಎರಡೂ ನಲವತ್ತಕ್ಕೆ ಹೋದ ಹಣಕ್ಕೆ ರಾತ್ರಿ ಹನ್ನೊಂದರ ದೂರು. ವಯಸ್ಸಾದ ಉಮ್ಮಂದಿರು ಇದ್ದರೆ ಮಗನಿಗೆ ಹೇಳಲು ದಿನವೇ ಕಳೆಯುತ್ತದೆ. ಗಲ್ಫಿನಲ್ಲಿ ಕೂತು ಓದುವ ಗಂಡಂದಿರು, ಮಕ್ಕಳು ಇವತ್ತೇ ಮನೆಗೆ ಫೋನ್ ಮಾಡಿ "ಹೀಗೆ ಏನಾದರೂ ಆದರೆ ಮೊದಲು 1930, ಆಮೇಲೆ ನನಗೆ. ನಾನು ಬೈಯುವುದಿಲ್ಲ" ಅಂತ ಹೇಳಿಬಿಡಿ. ಜೊತೆಗೆ ಬ್ಯಾಂಕಿನಲ್ಲಿ ಕೇಳಿ, ಮನೆಖರ್ಚಿಗೆ ಬೇರೆಯೇ ಒಂದು ಸಣ್ಣ ಖಾತೆ ಹೆಂಡತಿಯ ಹೆಸರಿನಲ್ಲಿ, ಅವಳದ್ದೇ ನಂಬರಿನಲ್ಲಿ ಮಾಡಿಸಿ. ತಿಂಗಳಿಗೆ ಬೇಕಾದಷ್ಟು ಮಾತ್ರ ಅದರಲ್ಲಿ ಹಾಕಿದರೆ ಕಾರ್ಡ್, ಒಟಿಪಿ, ಹಣ ಕಟ್ ಆದ ಸುದ್ದಿ ಮೂರೂ ಒಂದೇ ಕೈಯಲ್ಲಿರುತ್ತವೆ, ಎನ್‌ಆರ್‌ಇ ಖಾತೆಯ ಉಳಿತಾಯ ಈ ದಾರಿಗೆ ಬರುವುದೇ ಇಲ್ಲ.

ಮೆಸೇಜ್ ಬಂದು, ಒತ್ತದೆ ಉಳಿದವರು ಅದನ್ನು ದೂರವಾಣಿ ಇಲಾಖೆಯ ಸಂಚಾರ್ ಸಾಥಿಯಲ್ಲಿರುವ ಚಕ್ಷು ವಿಭಾಗಕ್ಕೆ ತಿಳಿಸಬಹುದು, ಕಳಿಸಿದ ನಂಬರನ್ನು ಮುಚ್ಚಿಸಲು ಅದು ನೆರವಾಗುತ್ತದೆ. ಸೌದಿಯಲ್ಲಿರುವವರು ಅಂಥ ಎಸ್‌ಎಂಎಸ್ಸನ್ನು 330330ಕ್ಕೆ ಫಾರ್ವರ್ಡ್ ಮಾಡಬಹುದು. ದುಬೈಯಲ್ಲಿ ಇರುವವರಿಗೆ ಅಲ್ಲಿನ ಪೊಲೀಸರ ಇ-ಕ್ರೈಮ್ ಪುಟ ಇದೆ.